ನಲವತ್ತು ಪರ್ಸೆಂಟ್ ಕಾಪಿ ಹೊಡೆದದ್ದು ಯಾರು? ಕವರ್ ಪುಟ

ಕಳೆದ ಸೆಮಿಸ್ಟರ್‌ನಲ್ಲಿ ನನ್ನ ತರಗತಿಯ ಒಬ್ಬ ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ಅಳುಮುಖ ಮಾಡಿಕೊಂಡು ನಿಂತಿದ್ದಳು. ಕೈಯಲ್ಲಿ ಸಿಮಿಲಾರಿಟಿ ರಿಪೋರ್ಟಿನ ಪ್ರಿಂಟ್, ಅಂದರೆ ಬರಹದ ಎಷ್ಟು ಪದ ಬೇರೆ ಬರಹಗಳ ಜೊತೆ ಹೊಂದಿಕೆಯಾಗುತ್ತದೆ ಅಂತ ಸಾಫ್ಟ್‌ವೇರ್ ಕೆಂಪು ಬಳಿದು ತೋರಿಸುವ ವರದಿ. ಮೇಲೆ ದೊಡ್ಡದಾಗಿ 40% ಅಂತ ಇತ್ತು. "ಮೇಡಂ, ನಾನೇ ಬರೆದಿದ್ದು, ಅಮ್ಮನಾಣೆ" ಅಂದಳು. ಕಾಲೇಜಿನಲ್ಲಿ 25 ದಾಟಿದರೆ ಕರೆಸಿ ವಿವರಣೆ ಬರೆಸಿಕೊಳ್ಳಬೇಕು ಅಂತ ಒಂದು ಪದ್ಧತಿ ಮಾಡಿಕೊಂಡಿದ್ದರು. ಅದರ ಪ್ರಕಾರ ಅವಳನ್ನು ಕರೆಸಿದ್ದರು.

ರಿಪೋರ್ಟ್ ಕೈಗೆ ತೆಗೆದುಕೊಂಡು ಮೊದಲ ಪುಟ ನೋಡಿದೆ. ಪೂರ್ತಿ ಕೆಂಪು. ವಿಶ್ವವಿದ್ಯಾಲಯದ ಹೆಸರು ಕೆಂಪು, ಕಾಲೇಜಿನ ಹೆಸರು ಕೆಂಪು, "ಆಂತರಿಕ ಮೌಲ್ಯಮಾಪನದ ಭಾಗವಾಗಿ ಸಲ್ಲಿಸಲಾದ ಅಸೈನ್‌ಮೆಂಟ್" ಅನ್ನುವ ಸಾಲು ಕೆಂಪು, ಮಾರ್ಗದರ್ಶನ ಮಾಡಿದವರು ಅಂತ ನನ್ನದೇ ಹೆಸರು, ಅದೂ ಕೆಂಪು. ಬಿಳಿಯಾಗಿ ಉಳಿದದ್ದು ಅವಳ ಹೆಸರು ಮತ್ತು ರಿಜಿಸ್ಟರ್ ನಂಬರ್ ಮಾತ್ರ. ಅಂದರೆ ಯಂತ್ರದ ಕಣ್ಣಿಗೆ ಆ ಪುಟದಲ್ಲಿ ಸ್ವಂತದ್ದು ಅಂತ ಇದ್ದದ್ದು ಅವಳ ಹೆಸರೊಂದೇ!

ಇದು ಒಬ್ಬಳ ಕಥೆ ಅಲ್ಲ. ಆನ್‌ಲೈನ್‌ನಲ್ಲಿ ಅಸೈನ್‌ಮೆಂಟ್ ತೆಗೆದುಕೊಳ್ಳುವುದು ರೂಢಿಯಾದ ಮೇಲೆ, ಸಂಶೋಧನಾ ಪ್ರಬಂಧಕ್ಕೆ ಅಂತ ತಂದ ಸಾಫ್ಟ್‌ವೇರ್‌ಗೆ ಎರಡು-ಮೂರು ಪುಟದ ಬರಹಗಳನ್ನೂ ಹಾಕುವುದು ಶುರುವಾಗಿದೆ. ಅಲ್ಲಿಂದ ಈ ತಲೆನೋವು. ಆ ಹುಡುಗಿಯ ಬರಹವನ್ನೇ ಹಿಡಿದುಕೊಂಡು ಲೆಕ್ಕ ಹಾಕೋಣ. ಪದಗಳನ್ನು ನಾನೇ ಎಣಿಸಿದ್ದೇನೆ, ಅವತ್ತು ಮಧ್ಯಾಹ್ನ ಊಟ ಬಿಟ್ಟು.

ವಿಷಯ ಕರ್ನಾಟಕ ಏಕೀಕರಣ. ಮೂರು ಪ್ರಶ್ನೆ, ಒಂದೊಂದಕ್ಕೂ ಸುಮಾರು 120 ಪದಗಳ ಉತ್ತರ. ಅವಳ ಫೈಲಿನಲ್ಲಿ ಒಟ್ಟು 550 ಪದ. ಅದರಲ್ಲಿ ಕವರ್ ಪುಟ 58, "ಈ ಬರಹವು ನನ್ನ ಸ್ವಂತ ರಚನೆಯಾಗಿದ್ದು" ಅಂತ ಶುರುವಾಗುವ ಘೋಷಣೆ 42, ಮೂರು ಪ್ರಶ್ನೆಗಳು ಸೇರಿ 78, ಕೊನೆಯ ಪುಸ್ತಕಪಟ್ಟಿ 30. ಇಷ್ಟೆಲ್ಲ ಕಳೆದರೆ ಅವಳ ಉತ್ತರ 342 ಪದ.

ಈಗ ಕೆಂಪಾದದ್ದು ಎಷ್ಟು? ಕವರ್ ಪುಟದಲ್ಲಿ 52, ಘೋಷಣೆಯಲ್ಲಿ 40, ಪ್ರಶ್ನೆಗಳಲ್ಲಿ 78ಕ್ಕೆ 78, ಪುಸ್ತಕಪಟ್ಟಿಯಲ್ಲಿ 24, ಉತ್ತರದಲ್ಲಿ 26. ಒಟ್ಟು 220. 550ರಲ್ಲಿ 220 ಅಂದರೆ ಸರಿಯಾಗಿ 40%.

ಬರೀ ಉತ್ತರವನ್ನು ಮಾತ್ರ ನೋಡಿದರೆ 342ರಲ್ಲಿ 26. ಎಂಟು ಪರ್ಸೆಂಟೂ ಆಗುವುದಿಲ್ಲ. ಆ 26 ಪದ ಯಾವುವು ಅನ್ನುವುದಕ್ಕೆ ಆಮೇಲೆ ಬರುತ್ತೇನೆ, ಅದು ಇನ್ನೂ ಮಜವಾಗಿದೆ.

ಇದೇ 220 ಪದಗಳು 18,000 ಪದಗಳ ಒಂದು ಪ್ರಬಂಧದಲ್ಲಿ ಇದ್ದಿದ್ದರೆ? ಒಂದೂಕಾಲು ಪರ್ಸೆಂಟಿಗೂ ಕಡಿಮೆ. ಯಾರೂ ತಿರುಗಿ ನೋಡುತ್ತಿರಲಿಲ್ಲ. ಕವರ್ ಪುಟ, ಸರ್ಟಿಫಿಕೇಟ್, ಘೋಷಣೆ ಎಲ್ಲ ಪ್ರಬಂಧದಲ್ಲೂ ಇರುತ್ತವೆ, ಅಲ್ಲೂ ಹೀಗೇ ಕೆಂಪಾಗುತ್ತವೆ. ಆದರೆ ದೊಡ್ಡ ಹಂಡೆಗೆ ಒಂದು ಹಿಡಿ ಉಪ್ಪು ಹಾಕಿದರೆ ಗೊತ್ತಾಗುವುದಿಲ್ಲ, ಅದೇ ಹಿಡಿಯನ್ನು ಒಂದು ಲೋಟ ಮಜ್ಜಿಗೆಗೆ ಹಾಕಿದರೆ ಬಾಯಿಗೆ ಇಡಲಾಗುವುದಿಲ್ಲ. ಚಿಕ್ಕ ಬರಹದಲ್ಲಿ ಆಗುವುದು ಇಷ್ಟೇ. ಹೊರಗಿನ ಚೌಕಟ್ಟಿನ ಅಳತೆ ಬದಲಾಗುವುದಿಲ್ಲ, ಒಳಗಿನ ಬರಹ ಮಾತ್ರ ಚಿಕ್ಕದಾಗುತ್ತದೆ. ಅದಕ್ಕೇ ಪರ್ಸೆಂಟ್ ಏರುತ್ತದೆ.

ಹಾಗಾದರೆ ಎಲ್ಲರಿಗೂ 40 ಬರಬೇಕಿತ್ತಲ್ಲ, ಅವಳಿಗೆ ಮಾತ್ರ ಯಾಕೆ ಬಂತು? ಪ್ರಿನ್ಸಿಪಾಲರು ಕೇಳಿದ ಪ್ರಶ್ನೆಯೂ ಇದೇ. ಇದೇ ಅಸೈನ್‌ಮೆಂಟ್‌ಗೆ ಇನ್ನೊಬ್ಬ ಹುಡುಗನಿಗೆ 11% ಬಂದಿತ್ತು. ಅದೇ ಕವರ್ ಪುಟ, ಅದೇ ಪ್ರಶ್ನೆ, ಹೆಚ್ಚು ಕಡಿಮೆ ಅಷ್ಟೇ ಉದ್ದದ ಉತ್ತರ. ಒಂದೇ ವ್ಯತ್ಯಾಸ: ಅವನು ಮೊದಲ ದಿನವೇ ಅಪ್‌ಲೋಡ್ ಮಾಡಿದ್ದ, ಇವಳು ಕೊನೆಯ ದಿನ ರಾತ್ರಿ.

ಈ ಸಾಫ್ಟ್‌ವೇರ್‌ಗಳು ಹೋಲಿಸುವುದು ಇಂಟರ್‌ನೆಟ್ ಜೊತೆ ಮಾತ್ರ ಅಲ್ಲ. ಹಿಂದೆ ಸಲ್ಲಿಸಿದ ವಿದ್ಯಾರ್ಥಿಗಳ ಬರಹಗಳ ಸಂಗ್ರಹವೂ ಒಂದಿರುತ್ತದೆ, ಅದರ ಜೊತೆಗೂ ಹೋಲಿಸುತ್ತವೆ. ನಾನು ಸ್ವತಃ ತಯಾರಿಸಿದ ಪ್ರಶ್ನೆ ಇಂಟರ್‌ನೆಟ್‌ನಲ್ಲಿ ಎಲ್ಲೂ ಇರಲಿಲ್ಲ. ಹಾಗಾಗಿ ಮೊದಲು ಹಾಕಿದವನ ಫೈಲಿನಲ್ಲಿ ಪ್ರಶ್ನೆಗಳು ಬಿಳಿಯಾಗೇ ಉಳಿದವು. ಅವನಿಗೆ ಹೊಂದಿಕೆಯಾದದ್ದು ವಿಶ್ವವಿದ್ಯಾಲಯದ ಹೆಸರು-ವಿಳಾಸದ ಸಾಲುಗಳು, ಪುಸ್ತಕಪಟ್ಟಿ, ಇನ್ನೊಂದು ಸಾಲು, ಸೇರಿ 62 ಪದ. ಅವನ ಫೈಲ್ ಸಂಗ್ರಹಕ್ಕೆ ಸೇರಿದ ಕ್ಷಣದಿಂದ ನನ್ನ ಪ್ರಶ್ನೆಗಳ "ಮೂಲ ಲೇಖಕ" ಅವನಾದ! ಆಮೇಲೆ ಬಂದವರೆಲ್ಲ ಅವನನ್ನು ನಕಲು ಮಾಡಿದವರು. ಪ್ರಶ್ನೆ ಬರೆದ ನಾನು ಎಲ್ಲೂ ಲೆಕ್ಕಕ್ಕೇ ಇಲ್ಲ.

ಕೆಲವು ಕಡೆ ಗಡುವಿನ ದಿನ ಎಲ್ಲ ಫೈಲುಗಳನ್ನೂ ಮತ್ತೊಮ್ಮೆ ಒಂದರ ಜೊತೆ ಒಂದು ಹೋಲಿಸುವ ವ್ಯವಸ್ಥೆ ಇರುತ್ತದೆ. ಇಂಥ ಸಾಫ್ಟ್‌ವೇರ್‌ಗಳಲ್ಲಿ ಒಂದಾದ ಟರ್ನಿಟಿನ್‌ನಲ್ಲಿ, ಗಡುವಿನವರೆಗೆ ಫೈಲ್ ಬದಲಿಸಲು ಅವಕಾಶ ಕೊಟ್ಟರೆ, ಗಡುವು ಮುಗಿದಾಗ ರಿಪೋರ್ಟ್ ಹೊಸದಾಗಿ ತಯಾರಾಗುತ್ತದೆ. ಆಗ ಮೊದಲು ಹಾಕಿದವನ 11 ಕೂಡ ಮೇಲೇರುತ್ತದೆ. ಬೆಳಿಗ್ಗೆ ಹಸಿರು ಬಣ್ಣ ನೋಡಿ ನಿಶ್ಚಿಂತೆಯಿಂದ ಮಲಗಿದವನು ಮರುದಿನ ಹಳದಿ ನೋಡಿ ಬೆಚ್ಚಿಬೀಳುತ್ತಾನೆ. "ನಾನು ಏನೂ ಬದಲಾಯಿಸಿಲ್ಲ ಸಾರ್, ಅದೇ ಬದಲಾಗಿದೆ" ಅಂದರೆ ಯಾರೂ ನಂಬುವುದಿಲ್ಲ. ನಂಬಬೇಕು. ಅವನು ನಿಜವನ್ನೇ ಹೇಳುತ್ತಿರುತ್ತಾನೆ.

ಅಂದ ಹಾಗೆ, ಬಣ್ಣದ ವಿಷಯ. ಟರ್ನಿಟಿನ್‌ನಲ್ಲಿ ಒಟ್ಟು ಪರ್ಸೆಂಟಿಗೇ ಬೇರೆ ಬಣ್ಣ ಇದೆ: ಒಂದೇ ಒಂದು ಪದದಿಂದ 24% ವರೆಗೆ ಹಸಿರು, 25ರಿಂದ 49 ಹಳದಿ, 50ರಿಂದ 74 ಕಿತ್ತಳೆ, ಅದರ ಮೇಲೆ ಕೆಂಪು. ನಮ್ಮ ಕಾಲೇಜಿನವರು 25 ಅನ್ನುವ ಗೆರೆಯನ್ನು ಎಲ್ಲಿಂದ ತಂದರು ಅಂತ ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ, ಆದರೆ ನನಗೆ ಅನುಮಾನ ಇರುವುದು ಈ ಹಳದಿ ಬಣ್ಣದ ಮೇಲೇ. ಬಣ್ಣ ಇರುವುದು ನೋಡುವವರ ಅನುಕೂಲಕ್ಕೆ, ಅದು ಅಪರಾಧದ ಮಟ್ಟ ಅಲ್ಲ.

ಇನ್ನು ಕೆಲವರು "ಯುಜಿಸಿ ನಿಯಮದಲ್ಲಿ 10 ಪರ್ಸೆಂಟ್ ಅಂತ ಇದೆ, ನಾವು 25 ಕೊಟ್ಟಿದ್ದೇ ಉದಾರತೆ" ಅನ್ನುತ್ತಾರೆ. ಆ ನಿಯಮವನ್ನು ತೆರೆದು ಓದಿದವರು ಹಾಗೆ ಹೇಳಲಾರರು. ಯುಜಿಸಿ 2018ರಲ್ಲಿ ತಂದ ಕೃತಿಚೌರ್ಯ ತಡೆ ನಿಯಮಗಳಲ್ಲಿ 10%, 40%, 60% ಅಂತ ಹಂತಗಳಿರುವುದು ನಿಜ. ಆದರೆ ಅವು ಯಾವ ಬರಹಕ್ಕೆ ಅನ್ವಯ ಅನ್ನುವುದನ್ನು ವ್ಯಾಖ್ಯೆಯ ಭಾಗದಲ್ಲೇ ಹೇಳಿದ್ದಾರೆ. ಸಂಶೋಧನಾ ಲೇಖನ, ಪ್ರಬಂಧ, ಪುಸ್ತಕ, ಪುಸ್ತಕದ ಅಧ್ಯಾಯ ಇಂಥವು ಒಳಗೆ. ಅಸೈನ್‌ಮೆಂಟ್, ಟರ್ಮ್ ಪೇಪರ್, ಪ್ರಾಜೆಕ್ಟ್ ರಿಪೋರ್ಟ್, ಕೋರ್ಸ್ ವರ್ಕ್, ಉತ್ತರ ಪತ್ರಿಕೆ ಇವೆಲ್ಲ ಹೊರಗೆ ಅಂತ ಅಲ್ಲಿ ಬರೆದೇ ಇದೆ. ಅಷ್ಟೇ ಅಲ್ಲ, ಪ್ರಬಂಧಗಳನ್ನು ಪರಿಶೀಲಿಸುವಾಗಲೂ ಆಕರಪಟ್ಟಿ, ವಿಷಯಸೂಚಿ, ಮುನ್ನುಡಿ, ಕೃತಜ್ಞತೆ ಇವನ್ನು ಬಿಟ್ಟು ಲೆಕ್ಕ ಹಾಕಬೇಕು, ಸಾಮಾನ್ಯ ತಿಳಿವಳಿಕೆಯ ಅಥವಾ ಆಕಸ್ಮಿಕವಾಗಿ ಹೊಂದಿಕೆಯಾಗುವ ಸತತ 14 ಪದಗಳವರೆಗೂ ಬಿಡಬೇಕು ಅಂತ ಇದೆ. ಅಂದರೆ 80,000 ಪದಗಳ ಪ್ರಬಂಧಕ್ಕೆ ಇಷ್ಟೆಲ್ಲ ವಿನಾಯಿತಿ, 550 ಪದಗಳ ಅಸೈನ್‌ಮೆಂಟ್‌ಗೆ ಏನೂ ಇಲ್ಲ. ನಾವೇ ತಂದು ಹಚ್ಚಿಕೊಂಡ ಕಟ್ಟುನಿಟ್ಟು ಇದು.

ಆ 26 ಪದಗಳ ಕಥೆ

ಈಗ ಉತ್ತರದೊಳಗೆ ಕೆಂಪಾದ 26 ಪದಗಳಿಗೆ ಬರೋಣ. ಅದರಲ್ಲಿ 8 ಪದ ಒಂದೇ ವಾಕ್ಯ: "1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ಅಸ್ತಿತ್ವಕ್ಕೆ ಬಂದಿತು." ಇದನ್ನು ಬೇರೆ ಹೇಗೆ ಬರೆಯಬೇಕು ಹೇಳಿ? ದಿನಾಂಕ ಬದಲಾಯಿಸಲಾಗುವುದಿಲ್ಲ, ರಾಜ್ಯದ ಹೆಸರು ಬದಲಾಯಿಸಲಾಗುವುದಿಲ್ಲ. ಉಳಿಯುವುದು "ಅಸ್ತಿತ್ವಕ್ಕೆ ಬಂದಿತು" ಅನ್ನುವುದನ್ನು "ಉದಯವಾಯಿತು" ಮಾಡುವುದು. ಅದರಿಂದ ಚರಿತ್ರೆ ಜಾಸ್ತಿ ಅರ್ಥವಾಗುತ್ತದಾ?

ಉಳಿದ 18 ಪದ ಎರಡು ವಾಕ್ಯ. ಒಂಬತ್ತು ಒಂಬತ್ತು ಪದ. ಎರಡೂ ಉತ್ತರದ ಮೊದಲ ವಾಕ್ಯಗಳು. ಒಂದು ಪ್ರಶ್ನೆ "ಕರ್ನಾಟಕ ಏಕೀಕರಣ ಚಳವಳಿಯಲ್ಲಿ ಪತ್ರಿಕೆಗಳು ಹಾಗೂ ಸಂಘಸಂಸ್ಥೆಗಳು ವಹಿಸಿದ ಪಾತ್ರವನ್ನು" ಅಂತ ಶುರುವಾಗಿ ಮೂರು ಸಾಲು ಹೋಗುತ್ತದೆ. ಅವಳ ಉತ್ತರದ ಆರಂಭ: "ಕರ್ನಾಟಕ ಏಕೀಕರಣ ಚಳವಳಿಯಲ್ಲಿ ಪತ್ರಿಕೆಗಳು ಹಾಗೂ ಸಂಘಸಂಸ್ಥೆಗಳು ಮಹತ್ವದ ಪಾತ್ರ ವಹಿಸಿದವು." ತರಗತಿಯ ಅರ್ಧಕ್ಕರ್ಧ ಜನರ ಆರಂಭವೂ ಇದೇ, ಒಂದಕ್ಷರ ಆಚೀಚೆ ಇಲ್ಲ. ಪರಸ್ಪರ ನೋಡಿಕೊಂಡು ಬರೆದರಾ? ಇಲ್ಲ. ನಾವು ಒಂದನೇ ಕ್ಲಾಸಿನಿಂದ ಅವರಿಗೆ ಕಲಿಸಿದ್ದೇ ಇದನ್ನು. "ಕೆಳಗಿನ ಪ್ರಶ್ನೆಗಳಿಗೆ ಪೂರ್ಣ ವಾಕ್ಯದಲ್ಲಿ ಉತ್ತರಿಸಿ" ಅಂತ ಇರುತ್ತಿತ್ತಲ್ಲ, ನೆನಪಿದೆಯಾ? ಪೂರ್ಣ ವಾಕ್ಯ ಅಂದರೆ ಪ್ರಶ್ನೆಯ ಪದಗಳನ್ನೇ ತೆಗೆದುಕೊಂಡು ಕೊನೆಯಲ್ಲಿ ಉತ್ತರ ಸೇರಿಸುವುದು. ಹಾಗೆ ಬರೆದರೆ ಪೂರ್ತಿ ಅಂಕ, "ಬೆಂಗಳೂರು" ಅಂತ ಒಂದೇ ಪದ ಬರೆದರೆ ಅರ್ಧ ಅಂಕ ಕಟ್. ಹನ್ನೆರಡು-ಹದಿನೈದು ವರ್ಷ ಹಾಗೆ ತಿದ್ದಿ ತೀಡಿ, ಡಿಗ್ರಿಗೆ ಬಂದ ಮೇಲೆ ಅದಕ್ಕೇ ಕೆಂಪು ಬಣ್ಣ ಬಳಿಯುತ್ತೇವೆ.

ಈ ಪ್ರತಿಧ್ವನಿ ಬರೀ ಮೊದಲ ವಾಕ್ಯದಲ್ಲಿ ನಿಲ್ಲುವುದಿಲ್ಲ. ಪ್ರಶ್ನೆ ಎಷ್ಟು ಉದ್ದವೋ ಅಷ್ಟು ಹೆಚ್ಚು ಮರುಕಳಿಸುತ್ತದೆ. ಪ್ರಶ್ನೆಯಲ್ಲಿ ಉಪಪ್ರಶ್ನೆಗಳಿದ್ದರೆ ಉತ್ತರದ ಉಪಶೀರ್ಷಿಕೆಗಳೂ ಅವೇ ಆಗುತ್ತವೆ. ಅಸೈನ್‌ಮೆಂಟ್‌ನ ಶೀರ್ಷಿಕೆಯನ್ನು ಮಕ್ಕಳು ಕವರ್ ಪುಟದಲ್ಲಿ ಒಮ್ಮೆ, ಒಳಪುಟದ ಮೇಲೆ ಒಮ್ಮೆ, ಕೆಲವರಂತೂ ಪ್ರತಿ ಪುಟದ ತಲೆಯಲ್ಲೂ ಹಾಕುತ್ತಾರೆ. 12 ಪದಗಳ ಶೀರ್ಷಿಕೆ ನಾಲ್ಕು ಪುಟದ ತಲೆಯಲ್ಲಿ ಬಂದರೆ ಅಲ್ಲಿಗೇ 48 ಪದ ಹೋಯಿತು.

ಕನ್ನಡದಲ್ಲಿ ಇದು ಇನ್ನೂ ಸ್ವಲ್ಪ ಜೋರು. ನಮ್ಮಲ್ಲಿ ವಿಭಕ್ತಿ ಪ್ರತ್ಯಯಗಳೆಲ್ಲ ಪದಕ್ಕೇ ಅಂಟಿಕೊಳ್ಳುತ್ತವೆ. ಇಂಗ್ಲಿಷಿನಲ್ಲಿ ಎರಡು-ಮೂರು ಪದ ಬೇಕಾಗುವುದು ಕನ್ನಡದಲ್ಲಿ "ಉದಾಹರಣೆಗಳೊಂದಿಗೆ" ಅಂತ ಒಂದೇ ಪದದಲ್ಲಿ ಮುಗಿಯುತ್ತದೆ. ಅದೇ ಎರಡು ಪುಟದ ಉತ್ತರಕ್ಕೆ ಪದಗಳ ಎಣಿಕೆ ಕಡಿಮೆ. ಒಟ್ಟು ಕಡಿಮೆಯಾದಷ್ಟೂ ಒಂದೊಂದು ಪದದ ತೂಕ ಜಾಸ್ತಿ. ಆದರೆ ಕವರ್ ಪುಟವನ್ನು ಬಹಳ ಕಾಲೇಜುಗಳಲ್ಲಿ ಇಂಗ್ಲಿಷಿನಲ್ಲೇ ಹಾಕಿಸುತ್ತಾರೆ! ಒಳಗೆ ಕನ್ನಡ, ಹೊರಗೆ ಇಂಗ್ಲಿಷ್. ಚೌಕಟ್ಟಿಗೆ ಪದ ಜಾಸ್ತಿ, ಚಿತ್ರಕ್ಕೆ ಕಡಿಮೆ.

ಇನ್ನೊಂದು ವಿಚಿತ್ರ ಇದೆ, ಕರ್ನಾಟಕದವರಿಗೆ ಮಾತ್ರ ಅರ್ಥವಾಗುವಂಥದ್ದು. ಕೆಲವು ಮಕ್ಕಳು ಇನ್ನೂ ಡಿಟಿಪಿ ಅಂಗಡಿಯಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿಕೊಂಡು ಬರುತ್ತಾರೆ. ಪರದೆಯ ಮೇಲೆ ಕನ್ನಡವೇ ಕಾಣುತ್ತದೆ. ಆದರೆ ಒಳಗಿನ ಅಕ್ಷರಗಳು ಇಂಟರ್‌ನೆಟ್ ಪುಟಗಳು ಬಳಸುವ ಯುನಿಕೋಡ್ ಸಂಕೇತದಲ್ಲಿ ಇರುವುದಿಲ್ಲ. "ಕರ್ನಾಟಕ" ಅನ್ನುವುದು ಸಾಫ್ಟ್‌ವೇರ್‌ಗೆ ಹೀಗೆ ಕಾಣುತ್ತದೆ:

```
PÀ£ÁðlPÀ
```

ಅಂಥ ಫೈಲಿನ ಉತ್ತರವನ್ನು ವಿಕಿಪೀಡಿಯದಿಂದ ಪೂರ್ತಿ ಇಳಿಸಿದ್ದರೂ ಅದು ಯುನಿಕೋಡ್ ಪುಟಗಳ ಜೊತೆ ಹೊಂದಿಕೆಯಾಗುವುದಿಲ್ಲ. ಆದರೆ ಅದೇ ಅಂಗಡಿಯಲ್ಲಿ ಟೈಪ್ ಮಾಡಿಸಿದ ಇನ್ನೊಬ್ಬನ ಫೈಲಿನ ಪ್ರಶ್ನೆ, ಕವರ್ ಪುಟದ ಜೊತೆ ಚೆನ್ನಾಗಿ ಹೊಂದಿಕೆಯಾಗುತ್ತದೆ. ಕದ್ದದ್ದು ಕಾಣುವುದಿಲ್ಲ, ಕದಿಯದೇ ಇದ್ದದ್ದು ಕಾಣುತ್ತದೆ. ರಿಪೋರ್ಟಿನಲ್ಲಿ ಇಂಥ ಅಕ್ಷರಗಳು ಕಂಡರೆ ಆ ಪರ್ಸೆಂಟನ್ನು ಪಕ್ಕಕ್ಕಿಟ್ಟುಬಿಡಿ, ಅದು ಯಾವುದಕ್ಕೂ ಸಾಕ್ಷಿ ಅಲ್ಲ.

ಸೆಟ್ಟಿಂಗ್ ಮಾಡಿದರೆ ಸರಿಹೋಗುತ್ತದಲ್ಲ?

ಸ್ವಲ್ಪ ಮಟ್ಟಿಗೆ ಹೋಗುತ್ತದೆ. ಆದರೆ ಜನ ಮೊದಲು ಕೈ ಹಾಕುವುದು ತಪ್ಪು ಬಟನ್‌ಗೆ.

ಎಲ್ಲರಿಗೂ ಗೊತ್ತಿರುವುದು "ಚಿಕ್ಕ ಹೊಂದಿಕೆಗಳನ್ನು ಬಿಟ್ಟುಬಿಡು" ಅನ್ನುವ ಆಯ್ಕೆ. ಯುಜಿಸಿಯ 14 ಅನ್ನುವ ಸಂಖ್ಯೆಯನ್ನೇ ಅಲ್ಲಿ ಹಾಕುತ್ತಾರೆ. ನನ್ನ ಹುಡುಗಿಯ ಫೈಲಿಗೆ ಅದನ್ನು ಹಾಕಿ ನೋಡಿ. ಅವಳ ಉತ್ತರದಲ್ಲಿದ್ದ 8 ಪದದ ವಾಕ್ಯ, 9 ಪದದ ಎರಡು ವಾಕ್ಯ ಬಿಟ್ಟುಹೋಗುತ್ತವೆ. ಒಳ್ಳೆಯದೇ. ಆದರೆ ಪ್ರಶ್ನೆಗಳು? ಒಂದೊಂದೂ 26 ಪದದ ಆಸುಪಾಸು. ಘೋಷಣೆ ಒಂದೇ ಉಸಿರಿನ 40 ಪದ. ಕವರ್ ಪುಟದ ಸಾಲುಗಳು ಒಂದರ ಕೆಳಗೆ ಒಂದು ಸರಪಳಿಯ ಹಾಗೆ ಸೇರಿಕೊಂಡಿರುತ್ತವೆ. ಪುಸ್ತಕಪಟ್ಟಿಯೂ ಎಲ್ಲರದ್ದೂ ಒಂದೇ ಕ್ರಮದಲ್ಲಿ, ನಾನು ಬೋರ್ಡಿನ ಮೇಲೆ ಬರೆದುಕೊಟ್ಟ ಹಾಗೇ. ಅವೆಲ್ಲ 14 ದಾಟಿದವು, ಹಾಗೇ ಉಳಿಯುತ್ತವೆ. 40 ಇದ್ದದ್ದು 35 ಆಗುತ್ತದೆ, ಅಷ್ಟೇ. ಅವಳನ್ನು ಆಗಲೂ ಕರೆಸುತ್ತಿದ್ದರು.

ಪರ್ಸೆಂಟಿನ ಮೇಲೆ ಬಿಡುವ ಆಯ್ಕೆಯಂತೂ ಚಿಕ್ಕ ಬರಹಕ್ಕೆ ಪ್ರಯೋಜನವೇ ಇಲ್ಲ. 1%ಗಿಂತ ಕಡಿಮೆ ಇರುವ ಮೂಲಗಳನ್ನು ಬಿಡು ಅಂದರೆ, 18,000 ಪದದ ಪ್ರಬಂಧದಲ್ಲಿ 180 ಪದದವರೆಗೆ ವಿನಾಯಿತಿ ಸಿಗುತ್ತದೆ. 550 ಪದದಲ್ಲಿ ಐದೂವರೆ ಪದ!

ಇನ್ನು ಕೆಲವರು ರಿಪೋರ್ಟ್ ತೆರೆದು ಮೂಲಗಳನ್ನು ಒಂದೊಂದಾಗಿ ಕೈಯಿಂದ ತೆಗೆಯುತ್ತಾ ಕೂರುತ್ತಾರೆ. ನಾನೂ ಮಾಡಿದ್ದೇನೆ. ಮೊದಲ ಮೂಲ ತೆಗೆದರೆ ಕೆಂಪು ಹೋಗುವುದಿಲ್ಲ, ಅದರಡಿಯಿಂದ ಎರಡನೆಯವನು ಎದ್ದು ಬರುತ್ತಾನೆ. ಯಾಕೆಂದರೆ ಆ ಪ್ರಶ್ನೆಗಳು ತರಗತಿಯ ಅಷ್ಟೂ ಜನರ ಫೈಲಿನಲ್ಲಿವೆ. ರಿಪೋರ್ಟಿನಲ್ಲಿ ತೋರಿಸುವುದು ಮೇಲಿನದ್ದನ್ನು ಮಾತ್ರ, ಕೆಳಗೆ ಸಾಲಾಗಿ ಉಳಿದವರು ಕಾಯುತ್ತಿರುತ್ತಾರೆ. ರಕ್ತಬೀಜಾಸುರನ ಕಥೆ. ಇದರಲ್ಲಿ ಒಂದು ಅಪಾಯವೂ ಇದೆ, ಅದನ್ನು ನಾನು ತಡವಾಗಿ ಕಂಡುಕೊಂಡೆ. ಒಬ್ಬ ಸಹಪಾಠಿಯ ಫೈಲು ಮೂಲವಾಗಿ ಕಾಣುತ್ತಿದೆ ಅಂದುಕೊಳ್ಳಿ. ಅದರಲ್ಲಿ ಪ್ರಶ್ನೆಯೂ ಹೊಂದಿಕೆಯಾಗಿದೆ, ಒಂದು ಉತ್ತರದ ಅರ್ಧವೂ ಹೊಂದಿಕೆಯಾಗಿದೆ. "ಓ, ಇದು ಬರೀ ಪ್ರಶ್ನೆ" ಅಂತ ಆ ಮೂಲವನ್ನೇ ಪೂರ್ತಿ ತೆಗೆದರೆ, ನಿಜವಾಗಿ ನಕಲಾದ ಆ ಅರ್ಧ ಉತ್ತರವೂ ಅದರ ಜೊತೆಗೇ ಮಾಯವಾಗಿಬಿಡಬಹುದು. ಪ್ರಶ್ನೆ ಎಲ್ಲರ ಬಳಿಯೂ ಇದೆ, ಹಾಗಾಗಿ ಮತ್ತೆ ಕಾಣಿಸುತ್ತದೆ. ಉತ್ತರ ಅವರಿಬ್ಬರ ಬಳಿ ಮಾತ್ರ ಇದೆ, ಅದು ಮತ್ತೆ ಕಾಣುವುದಿಲ್ಲ.

ಸರಿಯಾದ ಬಟನ್ ಬೇರೆ ಇದೆ. ಟರ್ನಿಟಿನ್‌ನಲ್ಲಿ ಅಸೈನ್‌ಮೆಂಟ್‌ನ ಟೆಂಪ್ಲೇಟನ್ನು ಮೊದಲೇ ಹಾಕಿಡುವ ವ್ಯವಸ್ಥೆ ಇದೆ. ಪ್ರಶ್ನೆಗಳು, ಸೂಚನೆಗಳು, ಕವರ್ ಪುಟ, ಘೋಷಣೆ ಇರುವ ಖಾಲಿ ಫೈಲನ್ನು ಅಧ್ಯಾಪಕರು ಕೊಟ್ಟರೆ, ಅದರಲ್ಲಿರುವ ಪಠ್ಯವನ್ನು ಮಕ್ಕಳ ಫೈಲಿನಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಇದನ್ನು ಮೊದಲ ಮಗು ಫೈಲ್ ಹಾಕುವುದಕ್ಕೆ ಮುಂಚೆಯೇ ಮಾಡಬೇಕು. ನಮ್ಮಲ್ಲಿ ಅದರ ನೆನಪಾಗುವುದು ಎಲ್ಲರೂ ಹಾಕಿ, ಗಲಾಟೆಯಾಗಿ, ಯಾರಾದರೂ ಅತ್ತ ಮೇಲೆ.

ಟೆಂಪ್ಲೇಟಿಗೂ ಮಿತಿ ಇದೆ. ಮಗು ಪ್ರಶ್ನೆಯನ್ನು ಕಾಪಿ ಮಾಡದೆ ಕೈಯಾರೆ ಟೈಪ್ ಮಾಡಿ, ಎರಡು ಕಾಗುಣಿತ ತಪ್ಪು ಮಾಡಿ, "ವಿವರಿಸಿ" ಇದ್ದಲ್ಲಿ "ವಿವರಿಸಿರಿ" ಅಂತ ಬರೆದರೆ ಅಲ್ಲಲ್ಲಿ ತಪ್ಪಿಹೋಗುತ್ತದೆ. ನಾನು ಹೇಳಿದ ಪೂರ್ಣ ವಾಕ್ಯದ ಪ್ರತಿಧ್ವನಿ ಇದೆಯಲ್ಲ, ಅದನ್ನು ಪೂರ್ತಿಯಾಗಿ ಟೆಂಪ್ಲೇಟ್ ಹಿಡಿಯಲಾರದು, ಯಾಕೆಂದರೆ ಅಲ್ಲಿ ಪ್ರಶ್ನೆಯ ಪದಗಳು ಉತ್ತರದ ಪದಗಳ ಜೊತೆ ಬೆರೆತುಹೋಗಿರುತ್ತವೆ. ಅದಕ್ಕೆ ಓದಿ ನೋಡುವ ಕಣ್ಣೇ ಬೇಕು.

ಕೆಲವರು ಪ್ರಶ್ನೆಗಳನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿಸಿ, ಉದ್ಧರಣೆಗಳನ್ನು ಬಿಡುವ ಆಯ್ಕೆ ಒತ್ತುತ್ತಾರೆ. ಕೆಲಸ ಮಾಡುತ್ತದೆ, ಜೋಡಿ ಚಿಹ್ನೆ ಹಾಕಿದ್ದರೆ. ಆದರೆ ಆಗ ಒಬ್ಬ ಬುದ್ಧಿವಂತ ತಾನು ಎಲ್ಲಿಂದಲೋ ಎತ್ತಿದ ಪ್ಯಾರಾವನ್ನೂ ಉದ್ಧರಣ ಚಿಹ್ನೆಯೊಳಗೆ ಕೂರಿಸುತ್ತಾನೆ. ಅವನ ರಿಪೋರ್ಟ್ ಬೆಳ್ಳಗಿರುತ್ತದೆ.

ಮಕ್ಕಳ ಉಪಾಯಗಳನ್ನಂತೂ ಕೇಳಲೇಬೇಡಿ. ಪ್ರಶ್ನೆಯ ಫೋಟೋ ತೆಗೆದು ಚಿತ್ರವಾಗಿ ಅಂಟಿಸುವುದು, ಬಿಳಿ ಬಣ್ಣದಲ್ಲಿ ಕಾಣದ ಅಕ್ಷರ ತುರುಕುವುದು, ಇಂಗ್ಲಿಷ್ ಪದದಲ್ಲಿ ಅದೇ ರೀತಿ ಕಾಣುವ ಬೇರೆ ಲಿಪಿಯ ಅಕ್ಷರ ಸೇರಿಸುವುದು. ಯಾವುದೋ ವಿಡಿಯೋ ನೋಡಿ ಕಲಿತಿರುತ್ತಾರೆ. ಕಾಣದ ಅಕ್ಷರ, ಬದಲಾದ ಅಕ್ಷರ ಇದ್ದರೆ ಟರ್ನಿಟಿನ್ ಅದನ್ನೇ ಬೇರೆಯಾಗಿ ಎತ್ತಿ ತೋರಿಸುತ್ತದೆ. ಆಗ ಸುಮ್ನೆ ಕವರ್ ಪುಟದ ಕೆಂಪಿಗೆ ಹೆದರಿದ ಮಗು ನಿಜವಾದ ಮೋಸದ ಅನುಮಾನಕ್ಕೆ ಸಿಕ್ಕಿಕೊಳ್ಳುತ್ತದೆ. ತಪ್ಪು ಮಾಡದವನು ಹೆದರಿ ತಪ್ಪು ಮಾಡುವುದು ಅಂದರೆ ಇದು.

ನಿಜವಾಗಿ ನಕಲು ಮಾಡಿದವನು

ಅದೇ ಅಸೈನ್‌ಮೆಂಟ್‌ನಲ್ಲಿ 23% ಬಂದ ಒಬ್ಬನ ಫೈಲನ್ನು ಅವತ್ತೇ ತೆರೆದೆ. ಅವನನ್ನು ಯಾರೂ ಕರೆಸಿರಲಿಲ್ಲ, 25ರ ಒಳಗಿದ್ದ. ಅವನು ಕವರ್ ಪುಟ ಹಾಕಿರಲಿಲ್ಲ. ಪ್ರಶ್ನೆಗಳನ್ನೂ ಬರೆದಿರಲಿಲ್ಲ. ಹೆಸರು, ನಂಬರ್, "ಉತ್ತರ 1", "ಉತ್ತರ 2", ಅಷ್ಟೇ. ಒಟ್ಟು 350 ಪದ. ಅದರಲ್ಲಿ ಕೆಂಪಾದದ್ದು 80 ಪದ, ಅದೂ ಒಂದೇ ಕಡೆ, ಎರಡನೇ ಉತ್ತರದ ನಡುವೆ. ಯಾವುದೋ ಒಂದು ಸ್ಪರ್ಧಾತ್ಮಕ ಪರೀಕ್ಷೆಯ ನೋಟ್ಸ್ ತಾಣದಿಂದ ಇದ್ದ ಹಾಗೇ ಇಳಿಸಿದ್ದ. ಅಲ್ಲಿನ ಒಂದು ಮುದ್ರಣದೋಷ ಕೂಡ ಹಾಗೇ ಬಂದಿತ್ತು.

ಈ ಎರಡು ರಿಪೋರ್ಟ್‌ಗಳನ್ನು ಅಕ್ಕಪಕ್ಕ ಇಟ್ಟುಕೊಂಡರೆ ಹೇಗೆ ನೋಡಬೇಕು ಅನ್ನುವುದು ತಾನಾಗೇ ಗೊತ್ತಾಗುತ್ತದೆ. ಹುಡುಗಿಯ ಕೆಂಪು ಮೊದಲ ಪುಟದಲ್ಲಿ, ಪ್ರತಿ ಉತ್ತರದ ತಲೆಯ ಮೇಲೆ, ಕೊನೆಯ ಪಟ್ಟಿಯಲ್ಲಿ ಇದೆ. ನಡುವೆ ಬಿಳಿ. ತರಗತಿಯ ಯಾರ ರಿಪೋರ್ಟ್ ತೆರೆದರೂ ಕೆಂಪು ಅದೇ ಜಾಗಗಳಲ್ಲಿ ಕೂತಿರುತ್ತದೆ, ಮೂಲ ಅಂತ ತೋರಿಸುವುದು ಸಹಪಾಠಿಗಳ ಫೈಲುಗಳನ್ನೇ. ಹುಡುಗನ ಕೆಂಪು ಉತ್ತರದ ಹೊಟ್ಟೆಯಲ್ಲಿದೆ, ಮೂಲ ಹೊರಗಿನದು, ಅದು ಬೇರೆ ಯಾರ ರಿಪೋರ್ಟಿನಲ್ಲೂ ಆ ಜಾಗದಲ್ಲಿಲ್ಲ. ಮೊದಲನೆಯದು ನಲವತ್ತು, ಎರಡನೆಯದು ಇಪ್ಪತ್ತಮೂರು. ಸಂಖ್ಯೆ ಮಾತ್ರ ನೋಡಿದವರು ತಪ್ಪು ಮಗುವನ್ನು ಕರೆಸಿದರು.

ಹುಡುಗಿಯ ಫೈಲಿನಿಂದ ಕವರ್, ಘೋಷಣೆ, ಪ್ರಶ್ನೆ ತೆಗೆದು ಲೆಕ್ಕ ಹಾಕಿದರೆ 372 ಪದಗಳಲ್ಲಿ 50 ಹೊಂದಿಕೆ, 13%. ಪುಸ್ತಕಪಟ್ಟಿಯನ್ನೂ ತೆಗೆದರೆ ಎಂಟಕ್ಕಿಂತ ಕಡಿಮೆ. ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಪ್ರಿನ್ಸಿಪಾಲರ ಮುಂದಿಟ್ಟೆ. ಅವರು ಎರಡು ಸಲ ಕೂಡಿಸಿ ನೋಡಿದರು, ಪಾಪ, ಗಣಿತದ ಮೇಷ್ಟ್ರು. "ಹಾಗಾದ್ರೆ ಈ ಕವರ್ ಪುಟ ಯಾಕೆ ಹಾಕಿಸ್ತೀವಿ?" ಅಂತ ಕೇಳಿದರು. ಒಳ್ಳೆಯ ಪ್ರಶ್ನೆ. ಕೈಬರಹದ ಕಾಲದಲ್ಲಿ ಅದು ಬೇಕಿತ್ತು, ಹಾಳೆ ಕಳೆದುಹೋದರೆ ಯಾರದ್ದು ಅಂತ ಗೊತ್ತಾಗಲಿ ಅಂತ. ಈಗ ಲಾಗಿನ್ ಆಗಿಯೇ ಫೈಲ್ ಹಾಕುತ್ತಾರೆ, ಹೆಸರು, ನಂಬರ್, ವಿಷಯ, ಸಮಯ ಎಲ್ಲ ಅಲ್ಲೇ ಇರುತ್ತದೆ. ಘೋಷಣೆಗೆ ಒಂದು ಟಿಕ್ ಬಾಕ್ಸ್ ಸಾಕು. ಫೈಲಿನಲ್ಲಿ ಕವರ್ ಪುಟ ಇರುವುದು ಅಭ್ಯಾಸಬಲದಿಂದ.

ಈ ಸೆಮಿಸ್ಟರ್‌ನಲ್ಲಿ ನನ್ನ ಪೇಪರಿಗೆ ಹೀಗೆ ಮಾಡಿದೆ: ಕವರ್ ಪುಟ ಬೇಡ, ಘೋಷಣೆ ಬೇಡ, ಪ್ರಶ್ನೆ ಬರೆಯಬೇಡಿ, ನಂಬರ್ ಮಾತ್ರ ಹಾಕಿ, ಪುಸ್ತಕಪಟ್ಟಿ ಬೇರೆ ಫೈಲಿನಲ್ಲಿ ಕೊಡಿ. ಪ್ರಶ್ನೆಗಳನ್ನೂ ಚಿಕ್ಕದು ಮಾಡಿದೆ, ಒಂದೊಂದು 10 ಪದದೊಳಗೆ, ಯಾಕೆಂದರೆ ಪ್ರತಿಧ್ವನಿಯನ್ನು ತಡೆಯಲು ನನಗೆ ಬೇರೆ ದಾರಿ ಕಾಣಲಿಲ್ಲ. ಪರ್ಸೆಂಟಿನ ಗೆರೆಯನ್ನು ಬಿಟ್ಟೆ. ಉತ್ತರದ ನಡುವೆ 25-30 ಪದ ಒಟ್ಟಿಗೆ ಕೆಂಪಾಗಿದ್ದರೆ ಮಾತ್ರ ಆ ಫೈಲ್ ತೆರೆದು ಓದುತ್ತೇನೆ. ಅದು 9% ಆದರೂ ಸರಿ.

ಬಹುತೇಕ ಎಲ್ಲರ ಸಂಖ್ಯೆಯೂ ಇಳಿಯಿತು, ಕೆಲವರದ್ದು ಸೊನ್ನೆ. ಸೊನ್ನೆ ಬಂದವರಲ್ಲಿ ಇಬ್ಬರ ಫೈಲ್ ತೆರೆದು ನೋಡಿದೆ, ಒಬ್ಬನದ್ದು ಮತ್ತೆ ಅದೇ ನುಡಿ ಫಾಂಟು.

ಕವರ್ ಪುಟ ಬೇಡ ಅಂತ ನೋಟಿಸ್ ಹಾಕಿದ ದಿನ ಆ ಹುಡುಗಿ ಮತ್ತೆ ಸ್ಟಾಫ್ ರೂಮಿಗೆ ಬಂದಳು. ಈ ಸಲ ಅಳುಮುಖ ಇರಲಿಲ್ಲ, ಆದರೆ ಏನೋ ಸಂಕಟ. "ಮೇಡಂ, ಹೂವಿನ ಬಾರ್ಡರ್ ಹಾಕಿ ಕವರ್ ಪುಟ ಆಗಲೇ ರೆಡಿ ಮಾಡಿಬಿಟ್ಟಿದ್ದೆ. ಅದನ್ನೊಂದು ಬೇರೆ ಫೈಲಾಗಿ ಕಳಿಸ್ಲಾ?"